CANBK ಡೈಲಿ ಚಾರ್ಟ್: 113ಕ್ಕೆ ಬಂದರೆ ಮಾತ್ರ ಖರೀದಿ

ಎಲ್ಲರಿಗೂ ನಮಸ್ಕಾರ. ಸೋಮವಾರಕ್ಕೆ ಒಂದು ಸ್ವಿಂಗ್ ಐಡಿಯಾ, ಕ್ಯಾಶ್‌ನಲ್ಲಿ ಮಾತ್ರ. ನಮ್ಮ ಜೆ.ಸಿ. ರಸ್ತೆಯ ಕೆನರಾ ಬ್ಯಾಂಕ್.

ಡೈಲಿ ಚಾರ್ಟ್ ತೆಗೆದು 113ರಲ್ಲಿ ಅಡ್ಡ ಗೆರೆ ಎಳೆಯಿರಿ. ಹಿಂದೆ ಮೂರು ಸಲ ಅಲ್ಲಿಗೆ ಹೋಗಿ ವಾಪಸ್ ಬಂದಿದೆ, ಮೂರು ಸಲವೂ ಕ್ಯಾಂಡಲ್ ಮೇಲೆ ಉದ್ದ ವಿಕ್ ಬಿಟ್ಟಿದೆ, ಅಂದರೆ ಮಾರುವವರು ಅಲ್ಲೇ ಕೂತಿದ್ದರು. ಈ ಬುಧವಾರ 116ಕ್ಕೆ ಕ್ಲೋಸ್ ಆಯಿತು. ವಾಲ್ಯೂಮ್ 20 ದಿನದ ಸರಾಸರಿಯ ಹೆಚ್ಚುಕಡಿಮೆ ಎರಡರಷ್ಟು. ಗುರುವಾರ, ಶುಕ್ರವಾರ ನಿಧಾನವಾಗಿ ಇಳಿದು 114.30ಕ್ಕೆ ನಿಂತಿದೆ, ಆದರೆ ಇಳಿಯುವಾಗ ವಾಲ್ಯೂಮ್ ಅರ್ಧಕ್ಕೂ ಕಮ್ಮಿ. ನನಗೆ ಹಿಡಿಸಿದ್ದು ಇದೇ. ಏರುವಾಗ ಜನ ಇದ್ದರು, ಇಳಿಸೋಕೆ ಯಾರೂ ಮುಗಿಬೀಳುತ್ತಿಲ್ಲ.

ಎಂಟ್ರಿ 113ರಿಂದ 113.50. ಅಲ್ಲಿಗೆ ಬಂದು, ಒಂದು ಗಂಟೆಯ ಕ್ಯಾಂಡಲ್ 113ರ ಮೇಲೆ ಹಸಿರಾಗಿ ಮುಗಿದರೆ ತಗೊಳ್ಳುತ್ತೇನೆ. ಬರದೆ ನೇರವಾಗಿ 117, 118ಕ್ಕೆ ಹೋದರೆ ಬಿಟ್ಟುಬಿಡಿ, ದಯವಿಟ್ಟು ಹಿಂದೆ ಓಡಬೇಡಿ. ಅಲ್ಲಿ ಕೊಂಡರೆ ಸ್ಟಾಪ್ ಎಂಟು ರೂಪಾಯಿ ದೂರ ಆಗುತ್ತೆ, ಲೆಕ್ಕವೇ ಕೆಟ್ಟುಹೋಗುತ್ತೆ.

ಸ್ಟಾಪ್ 109.50. ಯಾಕೆ ಅಲ್ಲಿ ಅಂದ್ರೆ, 113 ದಾಟಿ ಬ್ರೇಕೌಟ್ ಆದ ಬುಧವಾರದ ಕ್ಯಾಂಡಲ್‌ನ ಲೋ 110. ಅದರ ಕೆಳಗೆ ಹೋದರೆ ಬ್ರೇಕೌಟ್ ಸುಳ್ಳು ಅಂತಲೇ ಅರ್ಥ, ಇನ್ನೂ ನೋಡೋಣ ಅನ್ನೋ ಪ್ರಶ್ನೆಯೇ ಇಲ್ಲ. ಆರ್ಡರ್ ಸಿಸ್ಟಮ್‌ನಲ್ಲೇ ಇರಲಿ, ಮನಸ್ಸಿನಲ್ಲಿ ಇಟ್ಟುಕೊಂಡ ಸ್ಟಾಪ್ ಸ್ಟಾಪ್ ಅಲ್ಲ.

ಮೊದಲ ಟಾರ್ಗೆಟ್ 121.50, ಅಲ್ಲಿ ಅರ್ಧ ಮಾರಿ ಸ್ಟಾಪನ್ನು ಕೊಂಡ ಬೆಲೆಗೆ ಏರಿಸುತ್ತೇನೆ. ಉಳಿದ ಅರ್ಧ 126. 113.50ಕ್ಕೆ ಸಿಕ್ಕರೆ ರಿಸ್ಕ್ 4 ರೂಪಾಯಿ, ಮೊದಲ ಟಾರ್ಗೆಟ್‌ಗೆ 8, ಒಂದಕ್ಕೆ ಎರಡು.

ಎಷ್ಟು ಷೇರು ಅಂತ ಹೊಸಬರು ಕೇಳ್ತಾನೇ ಇರ್ತೀರಿ, ಅದಕ್ಕೇ ಬಿಡಿಸಿ ಬರೀತೀನಿ. ಕ್ಯಾಪಿಟಲ್ 2 ಲಕ್ಷ ಅಂದುಕೊಳ್ಳಿ. ಒಂದು ಟ್ರೇಡ್‌ನಲ್ಲಿ 1% ಅಂದರೆ 2,000 ರೂಪಾಯಿ ಮಾತ್ರ ಹೋಗಬಹುದು. 2,000 ಭಾಗಿಸು 4, 500 ಷೇರು. ಹಾಕುವ ದುಡ್ಡು 56,750. ಇನ್ನೂ ದುಡ್ಡು ಉಳಿದಿದೆ ಅಲ್ವಾ ಅಂತ ಜಾಸ್ತಿ ತಗೋಬೇಡಿ. ಬೆಳಿಗ್ಗೆ ಗ್ಯಾಪ್ ಡೌನ್ ಆಗಿ 107ಕ್ಕೆ ಓಪನ್ ಆದರೆ 109.50 ಸಿಗಲ್ಲ, ನಷ್ಟ 3,000 ದಾಟುತ್ತೆ. ಅದಕ್ಕೂ ಜಾಗ ಬೇಕು.

ಇನ್ನೊಂದು ವಿಷಯ. 2024ರ ಮೇ ತಿಂಗಳಲ್ಲಿ ಇದು ಸ್ಪ್ಲಿಟ್ ಆಗಿದೆ, 10 ರೂಪಾಯಿ ಮುಖಬೆಲೆಯ ಒಂದು ಷೇರು 2 ರೂಪಾಯಿಯ ಐದಾಯಿತು. ನಿಮ್ಮ ಚಾರ್ಟ್‌ನಲ್ಲಿ ಅದಕ್ಕಿಂತ ಹಿಂದೆ 500ರ ಮೇಲಿನ ಬೆಲೆ ಕಂಡರೆ ಅಡ್ಜಸ್ಟ್ ಆಗಿಲ್ಲ ಅಂತ, ಆ ಚಾರ್ಟ್ ನಂಬಿ ಗೆರೆ ಎಳೆಯಬೇಡಿ.

ನಾನು ಸೆಬಿ ನೋಂದಣಿ ಇರುವವನಲ್ಲ, ಇದು ನನ್ನ ದುಡ್ಡಿಗೆ ನಾನು ಮಾಡಿಕೊಂಡ ಪ್ಲಾನ್. ಸೋಮವಾರ ಬ್ಯಾಂಕ್ ನಿಫ್ಟಿ ಜೋರಾಗಿ ಬಿದ್ದರೆ 113ಕ್ಕೆ ಬಂದರೂ ಕೊಳ್ಳಲ್ಲ. ಎಂಟ್ರಿ ಸಿಕ್ಕಿದ ತಕ್ಷಣ ಬೆಲೆ ಸಮೇತ ಇಲ್ಲೇ ಹಾಕುತ್ತೇನೆ. 110ರ ಲೋ ಬಗ್ಗೆ ಯಾರಿಗಾದರೂ ಬೇರೆ ಅಭಿಪ್ರಾಯ ಇದ್ದರೆ ಭಾನುವಾರ ರಾತ್ರಿಯೊಳಗೆ ಚಾರ್ಟ್ ಹಾಕಿ ಹೇಳಿ.