ರಾಜಣ್ಣನ ಶ್ರದ್ಧಾಂಜಲಿ ಸಭೆಯಲ್ಲಿ ಆಡಿದ ಮಾತು

ಎಲ್ಲರಿಗೂ ನಮಸ್ಕಾರ.

ರಾಜಣ್ಣನ ಜೊತೆ ಮೂವತ್ತು ವರ್ಷ ಕಂಬ ಹತ್ತಿದವರು ಇಲ್ಲಿ ಕೂತಿದ್ದಾರೆ. ಅವರ ಕೈಕೆಳಗೆ ಕೆಲಸ ಕಲಿತವರಲ್ಲಿ ನಾನೇ ಕೊನೆಯವನು. ಆದರೂ "ನೀನು ಎರಡು ಮಾತಾಡು" ಅಂತ ಕಮಲಕ್ಕ ಹೇಳಿದರು. ಅಕ್ಕನ ಮಾತು ಮೀರೋ ಧೈರ್ಯ ರಾಜಣ್ಣನಿಗೇ ಇರಲಿಲ್ಲ, ಇನ್ನು ನನಗೆಲ್ಲಿಂದ ಬರಬೇಕು?

ನಾನು ಸಿಂದಗಿ ಕಡೆಯವನು. ಜೂನಿಯರ್ ಪವರ್‌ಮ್ಯಾನ್ ಆಗಿ ತೀರ್ಥಹಳ್ಳಿಗೆ ಬಂದಿಳಿದದ್ದು ಸುರಿಯೋ ಮಳೆಯಲ್ಲಿ. ಊರಿಗೆ ವಾಪಸ್ ಬಸ್ ಎಷ್ಟೊತ್ತಿಗೆ ಅಂತ ಅವತ್ತೇ ವಿಚಾರಿಸಿದ್ದೆ. ರಾಜಣ್ಣ ನಗಲಿಲ್ಲ. ಜಿಗಣೆ ಹತ್ತದ ಹಾಗೆ ಕಾಲಿಗೆ ಹಚ್ಚಿಕೊಳ್ಳೋಕೆ ಸುಣ್ಣ, ಹೊಗೆಸೊಪ್ಪು ಕೊಟ್ಟು, "ಮೊದಲು ಉಂಬಳದ ಜೊತೆ ಹೊಂದಿಕೋ, ಕರೆಂಟಿನ ಪಾಠ ಆಮೇಲೆ" ಅಂದರು.

ಆ ಪಾಠ ಸಿಕ್ಕಿದ್ದು ಆಗುಂಬೆ ರಸ್ತೆಯಲ್ಲಿ. ಮರ ಬಿದ್ದು 11 ಕೆವಿ ಲೈನ್ ಹರಿದಿತ್ತು. ಸ್ಟೇಷನ್ನಲ್ಲಿ ಲೈನ್ ಆಫ್ ಮಾಡಿ ಕೆಲಸಕ್ಕೆ ಬಿಟ್ಟುಕೊಡೋ ಲೈನ್ ಕ್ಲಿಯರ್, ಅಂದರೆ ಎಲ್‌ಸಿ, ಸಿಕ್ಕಿತ್ತು. ಜನ ಸುತ್ತ ನಿಂತು ಬೇಗ ಮಾಡಿ, ಬೇಗ ಮಾಡಿ ಅಂತಿದ್ದರು. ರಾಜಣ್ಣ ಲೈನ್ ಕಡಿಯೋ ಕಂಬದ ಸ್ವಿಚ್, ಅಂದರೆ ಜಿಓಎಸ್ ಹತ್ತಿರ ಹೋಗಿ, ಮೂರೂ ಬ್ಲೇಡ್ ಬಿಟ್ಟಿವೆಯಾ ಅಂತ ಟಾರ್ಚ್ ಹಾಕಿ ಒಂದೊಂದಾಗಿ ನೋಡಿದರು. ಹಿಡಿಕೆಗೆ ಬೀಗ ಜಡಿದು ಕೀ ಜೇಬಿಗೆ ಹಾಕಿಕೊಂಡರು. ಆಮೇಲೆ ಡಿಸ್ಚಾರ್ಜ್ ರಾಡ್ ಹಿಡಿದು ಕೆಲಸದ ಜಾಗದ ಎರಡೂ ಕಡೆ ಅರ್ತ್ ಮಾಡಿಸಿದರು.

"ಎಲ್‌ಸಿ ಇದೆಯಲ್ಲಣ್ಣ" ಅಂದೆ.

"ಅದು ಸ್ಟೇಷನ್ನಿಂದ ಬರೋ ಕರೆಂಟಿಗೆ ಮಾರಾಯ. ಆ ತೋಟದ ಮನೆಯ ಜನರೇಟರಿಗೆ ಎಲ್‌ಸಿ ಕೊಟ್ಟವರು ಯಾರು?"

ಚೇಂಜ್‌ಓವರ್ ಸ್ವಿಚ್ ಇಲ್ಲದೆ ಯಾರಾದರೂ ಜನರೇಟರ್ ಹಾಕಿದ್ದರೆ ಆ ಕರೆಂಟು ಟ್ರಾನ್ಸ್‌ಫಾರ್ಮರಿಗೆ ಹಿಂದಿನಿಂದ ನುಗ್ಗಿ, ನಾವು ಮುಟ್ಟೋ ತಂತಿಯಲ್ಲಿ ಸಾವಿರಾರು ವೋಲ್ಟ್ ಆಗುತ್ತೆ. ಐಟಿಐನಲ್ಲಿ ಓದಿದ್ದೆ. ಅದಕ್ಕೆ ಹೆದರಬೇಕು ಅಂತ ಗೊತ್ತಾಗಿದ್ದು ಆ ರಾತ್ರಿ.

ಬೈಗುಳವನ್ನೂ ಸಾಕಷ್ಟು ತಿಂದಿದ್ದೇನೆ, ಸುಮ್ನೆ ಹೊಗಳಿ ಹೋಗೋದಿಲ್ಲ. ಗ್ಲೌಸ್ ಮರೆತರೆ ಇಡೀ ಸೆಕ್ಷನ್ ಎದುರೇ ಉಗಿಯೋರು. ಆದರೆ ಸಾಹೇಬರ ಮುಂದೆ ಒಂದು ದಿನವೂ ನನ್ನನ್ನು ಬಿಟ್ಟುಕೊಡಲಿಲ್ಲ. ಅಪ್ಪನಿಗೆ ಆಪರೇಷನ್ ಆದಾಗ ನನ್ನ ರಾತ್ರಿ ಪಾಳಿಯನ್ನೆಲ್ಲ ಅವರೇ ಮಾಡಿದರು. ರಿಟೈರ್ಮೆಂಟಿಗೆ ಹತ್ತಿರ ಬಂದಿದ್ದ ಮನುಷ್ಯ! ಥ್ಯಾಂಕ್ಸ್ ಹೇಳೋಕೆ ಹೋದರೆ ಇಕ್ಕಳ ಎಲ್ಲಿಟ್ಟೆ ಅಂತ ಮಾತು ತೇಲಿಸಿದರು.

ಕಮಲಕ್ಕ, ನಿಮಗೂ ಹೇಳೋದಿದೆ. ಅನ್ನ ತಿಂದು ಈ ಹುಡುಗನಿಗೆ ಹೊಟ್ಟೆ ತುಂಬಲ್ಲ ಅಂತ ರಾಜಣ್ಣ ಹೇಳಿದ್ದಕ್ಕೆ, ನಮ್ಮವ್ವನಿಗೆ ಫೋನ್ ಮಾಡಿ ಜೋಳದ ರೊಟ್ಟಿ ಬಡಿಯೋದು ಕಲಿತಿರಿ. ಮೊದಲ ರೊಟ್ಟಿಗಳು ಸ್ವಲ್ಪ ದಪ್ಪ ಇದ್ದವು, ನಿಜ. ಆದರೆ ಅವು ಸಿಗದಿದ್ದರೆ ನಾನು ಆ ಬಸ್ ಹತ್ತಿಬಿಡುತ್ತಿದ್ದೆ.

ಈ ಮಳೆಗಾಲದಲ್ಲಿ ಮನೆಯಲ್ಲಿ ಕರೆಂಟ್ ಹೋದರೆ ಆಫೀಸಿಗೆ ಕಂಪ್ಲೇಂಟ್ ಬರೆಸಬೇಡಿ ಅಕ್ಕ. ನನಗೆ ಫೋನ್ ಮಾಡಿ. ಎಷ್ಟೊತ್ತಾದರೂ ಬರ್ತೀನಿ. ಅರ್ತ್ ಮಾಡಿಯೇ ಕಂಬ ಹತ್ತುತ್ತೇನೆ, ಹಾಗಾಗಿ ಸ್ವಲ್ಪ ತಡ ಆಗಬಹುದು.

ರಾಜಣ್ಣ, ನಮಸ್ಕಾರ.