ನುಡಿಗಟ್ಟು ಅಭ್ಯಾಸ: ಹೊಂದಿಸಿ, ಊಹಿಸಿ

ಎಂಟನೇ ತರಗತಿ, ಕನ್ನಡ. ನಿಘಂಟು ಮುಚ್ಚಿಡಿ. ಉತ್ತರಗಳು ಕೊನೆಯಲ್ಲಿವೆ, ಈಗಲೇ ಇಣುಕಬೇಡಿ.

ಭಾಗ 1: ಹೊಂದಿಸಿ ಬರೆಯಿರಿ

1. ಕಾಲಿಗೆ ಬುದ್ಧಿ ಹೇಳು
2. ಹೊಟ್ಟೆಗೆ ಹಾಕಿಕೊಳ್ಳು
3. ಮೂಗಿಗೆ ತುಪ್ಪ ಸವರು
4. ಅಡ್ಡಗೋಡೆ ಮೇಲೆ ದೀಪ ಇಡು
5. ಎಳ್ಳುನೀರು ಬಿಡು
6. ಎತ್ತಿದ ಕೈ

ಅ. ಇನ್ನು ಸಿಗದು ಎಂದು ಆಸೆ ಬಿಡು
ಆ. ಓಡಿಹೋಗು
ಇ. ಒಂದು ಕೆಲಸದಲ್ಲಿ ಚೆನ್ನಾಗಿ ಪಳಗಿದವರು
ಈ. ತಪ್ಪನ್ನು ಕ್ಷಮಿಸು
ಉ. ಹೊಡೆಯಲು ಮುಂದಾಗು
ಊ. ಕೊಡದೆ ಸುಮ್ನೆ ಆಸೆ ಹುಟ್ಟಿಸು
ಎ. ಹೌದು ಎಂದೂ ಇಲ್ಲ ಎಂದೂ ಹೇಳದೆ ಮಾತಾಡು

ಅರ್ಥ ಒಂದು ಜಾಸ್ತಿ ಇದೆ. ಅದು ಬೇಕೆಂದೇ ಇಟ್ಟಿದ್ದು. ಒಂದೊಂದು ಮಾತನ್ನೇ ಹಿಡಿದು ಅರ್ಥ ಮಾಡುವವರು ಅಲ್ಲೇ ಬೀಳುತ್ತಾರೆ.

ಭಾಗ 2: ಸುತ್ತಲಿನ ಮಾತಿನಿಂದ ಊಹಿಸಿ

ಗೊತ್ತಿಲ್ಲದ ನುಡಿಗಟ್ಟು ಬಂದರೆ ಅದನ್ನು ಬೆರಳಿನಿಂದ ಮುಚ್ಚಿ ವಾಕ್ಯ ಓದಿ. ಆ ಜಾಗದಲ್ಲಿ ಯಾವ ಮಾತು ಸರಿಹೋಗುತ್ತದೆ? ಹಿಂದೆ ಏನಾಯಿತು, ಮುಂದೆ ಏನಾಯಿತು ನೋಡಿ. ‘ಆದರೆ’, ‘ಅದಕ್ಕೇ’, ‘ಕೊನೆಗೆ’ ಇದ್ದರೆ ಅಲ್ಲಿ ನಿಲ್ಲಿ. ಸುಳಿವು ಹೆಚ್ಚಾಗಿ ಅವುಗಳ ಪಕ್ಕದಲ್ಲೇ ಇರುತ್ತದೆ.

7. ಶುರುವಿನಲ್ಲಿ ನಾಟಕದ ತಾಲೀಮಿಗೆ ಎಲ್ಲರೂ ಬರುತ್ತಿದ್ದರು. ಆಮೇಲೆ ಒಬ್ಬೊಬ್ಬರೇ ತಪ್ಪಿಸಿಕೊಂಡರು. ಕೊನೆಗೆ ನಾಟಕ *ಹಳ್ಳ ಹಿಡಿಯಿತು*.

8. ಮೇಷ್ಟ್ರು ಇರುವವರೆಗೆ ತೆಪ್ಪಗಿದ್ದ ಹುಡುಗ ಅವರು ಹೊರಗೆ ಹೋದದ್ದೇ *ಬಾಲ ಬಿಚ್ಚಿದ*.

ಅರ್ಥ ಬರೆದರೆ ಅರ್ಧ ಅಂಕ. ಯಾವ ಮಾತಿನಿಂದ ತಿಳಿಯಿತು ಎಂದೂ ಬರೆದರೆ ಪೂರ್ತಿ ಅಂಕ.

9. ಈ ಮೂರರಲ್ಲೂ ‘ಕೈ ಕೊಡು’ ಇದೆ. ಅರ್ಥ ಒಂದೇನಾ?

ಕ. ಬಿದ್ದ ಅಜ್ಜನಿಗೆ ಕೈ ಕೊಟ್ಟು ಎಬ್ಬಿಸಿದಳು.
ಖ. ಜೊತೆಗೆ ಬರುತ್ತೇನೆ ಎಂದಿದ್ದ ಗೆಳೆಯ ಕೊನೇ ಗಳಿಗೆಯಲ್ಲಿ ಕೈ ಕೊಟ್ಟ.
ಗ. ಅರ್ಧ ದಾರಿಯಲ್ಲಿ ಬೈಕ್ ಕೈ ಕೊಟ್ಟಿತು, ತಳ್ಳಿಕೊಂಡೇ ಬಂದೆವು.

ಉತ್ತರಗಳು

1-ಆ, 2-ಈ, 3-ಊ, 4-ಎ, 5-ಅ, 6-ಇ. ಉಳಿದದ್ದು ‘ಉ’. ಆರನೆಯದಕ್ಕೆ ‘ಉ’ ಬರೆದಿದ್ದರೆ ‘ಲೆಕ್ಕದಲ್ಲಿ ಅವಳದು ಎತ್ತಿದ ಕೈ’ ಎಂಬ ವಾಕ್ಯದಲ್ಲಿ ಆ ಅರ್ಥ ಹಾಕಿ ನೋಡಿ. ನಗು ಬರುತ್ತದೆ, ಅಲ್ವಾ?

7. ಕೆಟ್ಟುಹೋಯಿತು, ನಿಂತುಹೋಯಿತು. ಸುಳಿವು: ‘ತಪ್ಪಿಸಿಕೊಂಡರು’, ‘ಕೊನೆಗೆ’.

8. ತುಂಟಾಟ ಶುರು ಮಾಡಿದ. ಸುಳಿವು ‘ತೆಪ್ಪಗಿದ್ದ’. ಅದಕ್ಕೆ ಎದುರಾದದ್ದೇ ಇಲ್ಲಿ ಬರಬೇಕು.

9. ‘ಕ’ದಲ್ಲಿ ಅದು ನುಡಿಗಟ್ಟೇ ಅಲ್ಲ, ನಿಜವಾಗಿಯೂ ಕೈ ಚಾಚಿದ್ದಾಳೆ, ‘ಎಬ್ಬಿಸಿದಳು’ ಅದನ್ನು ಹೇಳುತ್ತದೆ. ‘ಖ’ದಲ್ಲಿ ಮಾತು ತಪ್ಪಿದ. ‘ಗ’ದಲ್ಲಿ ಕೆಟ್ಟು ನಿಂತಿತು. ಬೈಕು ಯಾರಿಗೂ ಮಾತು ಕೊಟ್ಟಿರಲಿಲ್ಲ. ಆದರೂ ಬೇಕಾದ ಹೊತ್ತಿಗೆ ಒದಗಲಿಲ್ಲ ಎಂಬುದು ‘ಖ’, ‘ಗ’ ಎರಡಕ್ಕೂ ಹೊಂದುತ್ತದೆ. ಇಷ್ಟು ಬರೆದವರಿಗೆ ಒಂದು ಅಂಕ ಜಾಸ್ತಿ.