ಹವ್ದಾಲಾ: ಶನಿವಾರ ರಾತ್ರಿಯ ಪ್ರಾರ್ಥನೆ, ಸಾಲು ಸಾಲಾಗಿ

ತಂಗಿ, ಮುಂದಿನ ಶನಿವಾರ ನಾನು ಊರಿಗೆ ಹೋಗಿರುತ್ತೇನೆ. ನಾನು ನೋಡಿಕೊಳ್ಳುವ ಹೈಫಾದ ಅಜ್ಜನ ಜೊತೆ ಹವ್ದಾಲಾಕ್ಕೆ ನನ್ನ ಬದಲು ನೀನು ಇರಬೇಕು. ಪ್ರಾರ್ಥನೆ ಅವರೇ ಹೀಬ್ರೂನಲ್ಲಿ ಹೇಳುತ್ತಾರೆ. ಅರ್ಥ ಗೊತ್ತಿದ್ದರೆ ಸುಮ್ನೆ ನಿಂತ ಹಾಗಾಗಲ್ಲ ಅಂತ ಬರೆದಿದ್ದೇನೆ.

ಆಕಾಶದಲ್ಲಿ ಮೂರು ನಕ್ಷತ್ರ ಕಾಣೋವರೆಗೂ ಶಬ್ಬಾತ್, ಅಂದರೆ ಯೆಹೂದ್ಯರ ವಾರದ ವಿಶ್ರಾಂತಿ ದಿನ, ಮುಗಿಯಲ್ಲ. ಅಲ್ಲಿವರೆಗೆ ಲೈಟು, ಒಲೆ ಮುಟ್ಟಬಾರದು. ಆಮೇಲೆ ಹೆಣೆದ ಮೇಣದಬತ್ತಿ ಹಚ್ಚಿ ನಿನ್ನ ಕೈಗೆ ಕೊಡುತ್ತಾರೆ. ದ್ರಾಕ್ಷಾರಸ ಮಾತ್ರ ಅವರೇ ಸುರಿಯಲಿ. ಲೋಟ ತುಂಬಿ ತಟ್ಟೆಗೆ ಚೆಲ್ಲುವಷ್ಟು ಸುರಿಯುತ್ತಾರೆ, ಒರೆಸೋಕೆ ಹೋಗಬೇಡ. ಬರುವ ವಾರ ಹಾಗೆ ತುಂಬಿ ಬರಲಿ ಅನ್ನೋದು ಆಸೆ.

ಹಿನ್ನೇ ಏಲ್ ಯೆಶುವಾತಿ, ಎವ್ತಾಖ್ ವೆಲೋ ಎಫ್ಖಾದ್
"ಇಗೋ, ದೇವರೇ ನನ್ನ ರಕ್ಷಣೆ. ನಂಬುತ್ತೇನೆ, ಹೆದರುವುದಿಲ್ಲ." ಇದು ಯೆಶಾಯನ ಪುಸ್ತಕದ ಮಾತು. ಇಂಥ ಇನ್ನೂ ಕೆಲವು ವಾಕ್ಯ ಓದುತ್ತಾರೆ.

ಬಾರೂಖ್ ಅತಾ ಅದೊನಾಯ್, ಎಲೊಹೇನು ಮೆಲೆಖ್ ಹಾಓಲಾಮ್, ಬೋರೇ ಪ್ರೀ ಹಗಾಫೆನ್
"ಲೋಕದ ರಾಜನಾದ ನಮ್ಮ ದೇವರೇ, ನಿನಗೆ ಸ್ತೋತ್ರ. ದ್ರಾಕ್ಷಿಬಳ್ಳಿಯ ಹಣ್ಣನ್ನು ಸೃಷ್ಟಿಸಿದವನು ನೀನು." ಈಗಲೇ ಕುಡಿಯಲ್ಲ. ಮುಂದಿನ ಮೂರೂ ಸ್ತೋತ್ರ ಇದೇ ಮೊದಲ ಮಾತಿನಿಂದ ಶುರು.

…ಬೋರೇ ಮೀನೇ ಬೆಸಾಮೀಮ್
"ಬಗೆಬಗೆಯ ಸುವಾಸನೆಗಳನ್ನು ಸೃಷ್ಟಿಸಿದವನು." ಅಜ್ಜ ಲವಂಗ, ದಾಲ್ಚಿನ್ನಿ ಹಾಕಿದ ಬೆಳ್ಳಿ ಡಬ್ಬಿ ಮೂಸಿ ನಿನ್ನ ಕಡೆ ಚಾಚುತ್ತಾರೆ. ಶಬ್ಬಾತ್ ದಿನ ಮನುಷ್ಯನಿಗೆ ಇನ್ನೊಂದು ಆತ್ಮ ಬಂದು ಸೇರುತ್ತದೆ ಅನ್ನೋದು ಯೆಹೂದ್ಯರ ನಂಬಿಕೆ. ಅದು ಹೊರಟಾಗ ಆಗುವ ಸಂಕಟಕ್ಕೆ ಈ ಸುವಾಸನೆ ಸಮಾಧಾನ. ನನಗೆ ಇಡೀ ಹವ್ದಾಲಾದಲ್ಲಿ ತುಂಬಾ ಇಷ್ಟವಾಗುವುದು ಇದೇ. ಬೇಜಾರನ್ನು ಮುಚ್ಚಿಡದೆ ಅದಕ್ಕೂ ಒಂದು ಆರೈಕೆ ಇಟ್ಟಿದ್ದಾರೆ ಅಲ್ವಾ?

…ಬೋರೇ ಮೆಓರೇ ಹಾಎಶ್
"ಬೆಂಕಿಯ ಬೆಳಕುಗಳನ್ನು ಸೃಷ್ಟಿಸಿದವನು." ಆದಾಮ ಮೊದಲ ಶಬ್ಬಾತ್ ಮುಗಿದ ರಾತ್ರಿ ಎರಡು ಕಲ್ಲು ಉಜ್ಜಿ ಬೆಂಕಿ ಕಂಡ ಅಂತ ಯೆಹೂದ್ಯರ ಧರ್ಮಗ್ರಂಥ ತಾಲ್ಮುಡ್‌ನಲ್ಲಿದೆ. ಬೆಳಕು ಉಪಯೋಗಕ್ಕೆ ಬರದೆ ಈ ಸ್ತೋತ್ರ ಹೇಳುವಂತಿಲ್ಲ. ಅದಕ್ಕೇ ಅಜ್ಜ ಬೆರಳು ಮಡಚಿ, ಜ್ವಾಲೆಗೆ ಹಿಡಿದು ಉಗುರು ನೋಡಿಕೊಳ್ಳುತ್ತಾರೆ. ಅವರ ಕೈ ನಡುಗುತ್ತದೆ, ಬತ್ತಿಯನ್ನು ಸ್ವಲ್ಪ ಹತ್ತಿರ ಹಿಡಿ.

…ಹಮವ್ದೀಲ್ ಬೇನ್ ಕೋದೆಶ್ ಲೆಖೋಲ್
"ಪವಿತ್ರವಾದದ್ದನ್ನೂ ದಿನಬಳಕೆಯದನ್ನೂ ಬೇರೆ ಮಾಡಿದವನು."

ಬೇನ್ ಓರ್ ಲೆಖೋಶೆಖ್, ಬೇನ್ ಯಿಸ್ರಾಯೇಲ್ ಲಾಅಮ್ಮೀಮ್
"ಬೆಳಕನ್ನೂ ಕತ್ತಲೆಯನ್ನೂ, ಇಸ್ರಾಯೇಲನ್ನೂ ಜನಾಂಗಗಳನ್ನೂ."

ಬೇನ್ ಯೋಮ್ ಹಶ್ವೀಈ ಲೆಶೇಶೆತ್ ಯೆಮೇ ಹಮಾಅಸೆ
"ಏಳನೇ ದಿನವನ್ನೂ ಕೆಲಸದ ಆರು ದಿನಗಳನ್ನೂ."

ಬಾರೂಖ್ ಅತಾ ಅದೊನಾಯ್, ಹಮವ್ದೀಲ್ ಬೇನ್ ಕೋದೆಶ್ ಲೆಖೋಲ್
ಮೊದಲು ಹೇಳಿದ್ದನ್ನೇ ಹೇಳಿ ಮುಗಿಸುತ್ತಾರೆ. ಪ್ರತಿ ಸ್ತೋತ್ರಕ್ಕೂ ಕೇಳಿದವರು "ಆಮೇನ್" ಅನ್ನುತ್ತಾರೆ.

ಈಗ ಕೂತು ಕುಡಿಯುತ್ತಾರೆ. ತಟ್ಟೆಗೆ ಚೆಲ್ಲಿದ ರಸದಲ್ಲಿ ಬತ್ತಿ ಅದ್ದಿ ಆರಿಸುತ್ತಾರೆ. "ಶಾವುವಾ ತೋವ್", ಅಂದರೆ ಒಳ್ಳೆಯ ವಾರವಾಗಲಿ, ಅಂದಾಗ ನೀನೂ ಹಾಗೇ ಹೇಳು. ಆಮೇಲೆ ಅವರ ರಾತ್ರಿ ಮಾತ್ರೆ ಕೊಡು.